ನಿದ್ದೆಯಲ್ಲಿರುವ ವ್ಯಂಜನ

ನಮ್ಮ ರಸ್ತೆಗಳಲ್ಲಿ ಓಡಾಡುವ ಒಂದು ಫ್ರೆಂಚ್ ಕಾರನ್ನು ಬಹಳ ಮಂದಿ ‘ರೆನಾಲ್ಟ್’ ಎನ್ನುತ್ತಾರೆ. ಹೆಸರಿನ ಕೊನೆಯಲ್ಲಿ ಎಲ್, ಟಿ ಎರಡೂ ಕಾಣುವಾಗ ಹಾಗೆ ಓದದೆ ಇನ್ನೇನು ಮಾಡಿಯಾರು? ಫ್ರೆಂಚರ ಬಾಯಲ್ಲಿ ಅದು ಬರೀ ‘ರೆನೊ’. ಪ್ಯಾರಿಸ್ ಕೂಡ ಅವರಿಗೆ ‘ಪಾರಿ’.

ಹಿಂದೆ ಹೀಗಿರಲಿಲ್ಲ. ಹಳೆಯ ಫ್ರೆಂಚ್‌ನಲ್ಲಿ ಈ ಕೊನೆಯ ವ್ಯಂಜನಗಳನ್ನು ಉಚ್ಚರಿಸುತ್ತಿದ್ದರು. ಮುಂದಿನ ಪದವೂ ವ್ಯಂಜನದಿಂದ ಶುರುವಾದರೆ ನಾಲಿಗೆಗೆ ತೊಡಕು. ಅಲ್ಲಿ ಅವು ಮೊದಲು ಉದುರಿದವು, ಆಮೇಲೆ ಮಾತು ನಿಲ್ಲುವ ಕಡೆಯೂ ಉದುರಿದವು. ಬರಹ ಮಾತ್ರ ಕದಲಲಿಲ್ಲ. 1694ರಲ್ಲಿ ಫ್ರೆಂಚ್ ಅಕಾಡೆಮಿ ತನ್ನ ಮೊದಲ ನಿಘಂಟನ್ನು ತಂದಾಗಲೂ ಹಳೆಯ ಕಾಗುಣಿತದ ಕಡೆಗೇ ವಾಲಿತು.

ಆದರೆ ಆ ಅಕ್ಷರ ಸತ್ತಿಲ್ಲ, ಮಲಗಿದೆ ಅಷ್ಟೆ. ‘ಚಿಕ್ಕವನು’ ಎಂಬರ್ಥದ ಪದದ ಕೊನೆಗೆ ಟಿ ಇದೆ, ಓದುವುದು ‘ಪೆತಿ’. ‘ಚಿಕ್ಕವಳು’ ಎನ್ನಲು ಅದಕ್ಕೊಂದು ಇ ಸೇರಿಸುತ್ತಾರೆ. ಆ ಇ ಕೇಳಿಸುವುದಿಲ್ಲ, ಆದರೆ ಹಿಂದಿನ ಟಿಯನ್ನು ಎಬ್ಬಿಸುತ್ತದೆ: ‘ಪೆತಿತ್’. ಮೂಕ ಸ್ವರದ ಕೆಲಸವೇ ಕಾವಲು.

ಎಬ್ಬಿಸುವ ಇನ್ನೊಂದು ದಾರಿ, ಮುಂದಿನ ಪದ ಸ್ವರದಿಂದ ಆರಂಭವಾಗುವುದು. ‘ಪುಟ್ಟ ಮಕ್ಕಳು ಬರುತ್ತಿದ್ದಾರೆ’ ಎಂಬ ವಾಕ್ಯ ನೋಡಿ: ‘ಲೆ ಪೆತಿ-ಜ಼ಾಂಫಾಂ ಅರೀವ್’. ಬರಹದಲ್ಲಿ ಮೊದಲ ಪದ ಎಸ್‌ನಿಂದ ಮುಗಿಯುತ್ತದೆ. ಮುಂದೆ ಪಕಾರ ಇರುವುದರಿಂದ ಅದು ಮೌನ. ‘ಪೆತಿ’ಗೂ ಬಹುವಚನದ ಎಸ್ ಇದೆ, ಮುಂದಿನ ‘ಆಂಫಾಂ’ ಸ್ವರಾದಿ, ಹಾಗಾಗಿ ಎಸ್ ಎದ್ದು ‘ಜ಼’ ಆಗಿ ಅದಕ್ಕೆ ಅಂಟಿಕೊಳ್ಳುತ್ತದೆ. ‘ಆಂಫಾಂ’ ಕೊನೆಯ ಟಿ, ಎಸ್ ಎರಡೂ ಏಳುವುದಿಲ್ಲ, ಮುಂದೆ ಸ್ವರವಿದ್ದರೂ. ಕರ್ತೃವಾದ ನಾಮಪದಕ್ಕೂ ಕ್ರಿಯಾಪದಕ್ಕೂ ನಡುವೆ ಸಾಮಾನ್ಯವಾಗಿ ಈ ಜೋಡಣೆ ಇಲ್ಲ. ಕ್ರಿಯಾಪದದ ಬಾಲದಲ್ಲಿರುವ ಇ-ಎನ್-ಟಿ ಪೂರ್ತಿ ಮೌನ, ಆದರೆ ಅಲ್ಲಿಯ ಇ ವಕಾರವನ್ನು ಕಾಯುತ್ತದೆ. ಅಂದಹಾಗೆ, ಇದೇ ಉಚ್ಚಾರಕ್ಕೆ ‘ಮೊಮ್ಮಕ್ಕಳು’ ಎಂಬರ್ಥವೂ ಇದೆ. ಬರಹದಲ್ಲಿ ಒಂದು ಅಡ್ಡಗೆರೆಯಷ್ಟೇ ವ್ಯತ್ಯಾಸ.

ನಮ್ಮ ‘ಮನೆಯಿಂದ’ ಎಂಬಲ್ಲಿ ಬರುವ ಯಕಾರ ನೆನಪಾಗಬಹುದು. ಆದರೆ ಅದು ಹೊಸದಾಗಿ ಬಂದು ಸೇರುವ ಆಗಮ. ಫ್ರೆಂಚರದು ಪದದೊಳಗೇ ಇದ್ದದ್ದು.

ಸಿ, ಆರ್, ಎಫ್, ಎಲ್ ಕೊನೆಗಿದ್ದರೆ ಹೆಚ್ಚಾಗಿ ಉಚ್ಚರಿಸಿ ಎಂದು ಕಲಿಸುತ್ತಾರೆ. ಅದನ್ನು ಪೂರ್ತಿ ನಂಬಬಾರದು. ‘ಮಾತನಾಡು’ ಎಂಬ ‘ಪಾರ್ಲೆ’ಯ ಕೊನೆಗೆ ಆರ್ ಇದ್ದೂ ಮೌನ. ಒಂದು ಮೊಟ್ಟೆಯಲ್ಲಿ ಎಫ್ ಕೇಳಿಸುತ್ತದೆ, ಎರಡು ಮೊಟ್ಟೆಯಾದರೆ ಅದೂ ಹೋಯಿತು!

ನಿಜವಾದ ಬಲೆ ಎಚ್. ಆ ಅಕ್ಷರ ಎಂದೂ ಕೇಳಿಸದು, ಆದರೂ ಕೆಲವು ಪದಗಳಲ್ಲಿ ಹಿಂದಿನ ವ್ಯಂಜನವನ್ನು ಏಳಗೊಡುವುದಿಲ್ಲ. ಕೆಲವು ನಿಘಂಟುಗಳು ಅಂಥ ಪದಗಳಿಗೆ ನಕ್ಷತ್ರದ ಗುರುತು ಹಾಕುತ್ತವೆ. ‘ವೀರರು’ ಎನ್ನಲು ‘ಲೆ ಎರೊ’ ಎಂದು ಬಿಡಿಸಿಯೇ ಹೇಳಬೇಕು. ಜೋಡಿಸಿ ‘ಲೆ ಜ಼ೆರೊ’ ಎಂದಿರೋ, ವೀರರೆಲ್ಲ ಸೊನ್ನೆಗಳಾಗುತ್ತಾರೆ.