ಘನದ ಬದಲು ಅದರ ಅಂಚು

ಪಿಯುಸಿಯಲ್ಲಿ ಗಣಿತ ಓದಿದವರಿಗೆ ‘ಅನುಕಲನ’ ಅಂದರೆ ಅಷ್ಟಾಗಿ ನೆನಪಾಗದಿದ್ದರೂ ‘ಇಂಟಿಗ್ರೇಷನ್’ ಅಂದರೆ ತಟ್ಟನೆ ನೆನಪಾಗುತ್ತದೆ. ವಕ್ರರೇಖೆಯೊಂದರ ಕೆಳಗಿನ ಜಾಗವನ್ನು ಅಳೆಯುವ ಲೆಕ್ಕ ಅದು. x, x², x³ ಬಂದಷ್ಟು ಹೊತ್ತು ಹುಡುಗರ ಪೆನ್ನು ಸರಾಗವಾಗಿ ಓಡುತ್ತದೆ. ಛೇದದಲ್ಲಿ ಒಂದು ಘನಮೂಲ ಕಂಡರೆ ಸಾಕು, ನಿಂತುಬಿಡುತ್ತದೆ. ಅಂಥದ್ದೇ ಒಂದು ಲೆಕ್ಕ ಹಿಡಿಯೋಣ:

y = 1/(1 + ∛x)

x ಸೊನ್ನೆಯಿಂದ 8ರವರೆಗೆ ಹೋದಾಗ ಈ ಗೆರೆಯ ಕೆಳಗೆ ಎಷ್ಟು ಜಾಗವಿದೆ?

ಭಿನ್ನರಾಶಿಯ ಘಾತವೇ ಇಲ್ಲಿನ ತೊಡಕು ಎಂದು ಹಲವರು ತಿಳಿಯುತ್ತಾರೆ. ಹಾಗೇನಿಲ್ಲ. ∛x ಅಂದರೆ x ಘಾತ 1/3. ಅದು ಒಂಟಿಯಾಗಿ ಬಂದರೆ ಎಂದಿನ ನಿಯಮವೇ ಸಾಕು. ಘಾತಕ್ಕೆ ಒಂದು ಕೂಡಿಸಿ, ಬಂದದ್ದರಿಂದ ಭಾಗಿಸಿದರೆ (3/4)x^(4/3) ಸಿಗುತ್ತದೆ. (1 + ∛x)/√x ಎಂದು ಕೊಟ್ಟಿದ್ದರೂ ಅಷ್ಟೇ, ಎರಡು ತುಂಡು ಮಾಡಿ ಒಂದೊಂದನ್ನೇ ಮುಗಿಸಬಹುದು. ಇದಕ್ಕೂ ಆದೇಶ ವಿಧಾನ ಹೂಡಿ ಅರ್ಧ ಪುಟ ತುಂಬಿಸುವವರನ್ನು ನೋಡಿದ್ದೇನೆ. ನಮ್ಮ ಲೆಕ್ಕದ ಕಷ್ಟ ಬೇರೆ. ಘನಮೂಲ ಛೇದದಲ್ಲಿ 1ರ ಜೊತೆ ಕೂಡಿಕೊಂಡು ಕುಳಿತಿದೆ, ಅದನ್ನು ತುಂಡು ಮಾಡಲು ಬರುವುದಿಲ್ಲ.

ದಾರಿ ನಮ್ಮ ಪಾರಿಭಾಷಿಕ ಪದದಲ್ಲೇ ಇದೆ. ‘ಘನ’ ಅಂದರೆ ಉದ್ದ, ಅಗಲ, ಎತ್ತರ ಮೂರೂ ಸಮನಾಗಿರುವ ಪೆಟ್ಟಿಗೆಯಾಕಾರ. ‘ಘನಮೂಲ’ ಅಂದರೆ ಆ ಪೆಟ್ಟಿಗೆಯ ಅಂಚಿನ ಉದ್ದ. x ಅನ್ನು ಪೆಟ್ಟಿಗೆಯ ಗಾತ್ರ ಎಂದುಕೊಂಡರೆ ∛x ಅದರ ಅಂಚು. ಗಾತ್ರ 8 ಆದರೆ ಅಂಚು 2. ಇಷ್ಟು ಹೊತ್ತೂ ಗಾತ್ರವನ್ನು ಹಿಡಿದುಕೊಂಡು ಅಂಚನ್ನು ಹುಡುಕುತ್ತಿದ್ದೆವು. ತಿರುಗಿಸಿ ಅಂಚನ್ನೇ ಹಿಡಿದರೆ? ಅಂಚಿಗೆ t ಎಂದು ಹೆಸರಿಟ್ಟರೆ x = t³, ∛x = t. ಛೇದ ಬರೀ 1 + t ಆಗುತ್ತದೆ, ಮೂಲಚಿಹ್ನೆ ಮಾಯ.

ಇಷ್ಟಕ್ಕೇ ಖುಷಿಪಡುವಂತಿಲ್ಲ, ಇದಕ್ಕೊಂದು ಬೆಲೆ ತೆರಬೇಕು. ಜಾಗ ಅಳೆಯುವಾಗ ಗೆರೆಯ ಕೆಳಗೆ dx ಅಗಲದ ಸಣ್ಣ ಸಣ್ಣ ಪಟ್ಟಿಗಳನ್ನು ನಿಲ್ಲಿಸಿ ಕೂಡಿಸುತ್ತೇವೆ. ಆ ಅಗಲ x ಅಳತೆಯಲ್ಲಿದೆ. ಅಂಚಿನ ಅಳತೆಗೆ ಬಂದ ಮೇಲೆ dx ಜಾಗದಲ್ಲಿ ಸುಮ್ಮನೆ dt ಬರೆಯಲಾಗದು. ಕೋಣೆಯ ಮೂಲೆಗೆ ಒತ್ತಿ ಇಟ್ಟ ಮರದ ಘನವೊಂದನ್ನು ಕಲ್ಪಿಸಿಕೊಳ್ಳಿ. ಅದರ ಮೂರು ಮುಖ ನೆಲಕ್ಕೂ ಗೋಡೆಗಳಿಗೂ ತಾಗಿವೆ, ಮೂರು ಮುಖ ಹೊರಗೆ ಕಾಣುತ್ತಿವೆ. ಕಾಣುವ ಮುಖಗಳಿಗೆ ತೆಳುವಾಗಿ ಬಣ್ಣ ಬಳಿದರೆ ಅಂಚು ಒಂದಿಷ್ಟು ಬೆಳೆಯುತ್ತದೆ. ಒಂದೊಂದು ಮುಖದ ವಿಸ್ತೀರ್ಣ t², ಬಣ್ಣದ ದಪ್ಪ dt, ಮುಖಗಳು ಮೂರು. ಹಾಗಾಗಿ ಗಾತ್ರದಲ್ಲಿ ಹೆಚ್ಚಿದ್ದು 3t² dt. ಅಂಚು 2 ಇದ್ದದ್ದು 2.01 ಆಯಿತು ಅನ್ನೋಣ. ಗಾತ್ರ 8ರಿಂದ 8.120601ಕ್ಕೆ ಏರುತ್ತದೆ. 3 × 4 × 0.01 ಅಂದರೆ 0.12. ಉಳಿದ 0.000601 ಮೂಲೆ ಅಂಚುಗಳಲ್ಲಿ ಸೇರಿಕೊಂಡ ಚೂರುಪಾರು. ಬಣ್ಣ ತೆಳುವಾದಷ್ಟೂ ಅದು ಲೆಕ್ಕಕ್ಕೆ ಬರದಷ್ಟು ಸಣ್ಣದಾಗುತ್ತದೆ. ಪುಸ್ತಕದಲ್ಲಿ dx = 3t² dt ಎಂದು ಒಂದೇ ಸಾಲಿನಲ್ಲಿ ಬರೆದಿರುವುದು ಈ ಮೂರು ಮುಖಗಳ ಬಣ್ಣವನ್ನೇ.

ಈಗ ಲೆಕ್ಕ ಹೊಸ ವೇಷ ತೊಡುತ್ತದೆ. 3t²/(1 + t) ಎಂಬುದನ್ನು t ಸೊನ್ನೆಯಿಂದ 2ರವರೆಗೆ ಕೂಡಿಸಬೇಕು, ಯಾಕೆಂದರೆ x 8 ಆದಾಗ t 2. ಅಂಶದ ಘಾತ ಛೇದದ ಘಾತಕ್ಕಿಂತ ದೊಡ್ಡದಿದ್ದರೆ ಮೊದಲು ಭಾಗಾಕಾರ. t² = (t + 1)(t − 1) + 1 ಆದ್ದರಿಂದ

3t²/(1 + t) = 3[t − 1 + 1/(1 + t)]

ಮೂರೂ ತುಂಡುಗಳು ಪಳಗಿದವು. ಅನುಕಲಿಸಿದರೆ 3[t²/2 − t + ln(1 + t)]. t = 2 ಹಾಕಿದರೆ 2 − 2 ಸೊನ್ನೆಯಾಗಿ 3 ln 3 ಮಾತ್ರ ಉಳಿಯುತ್ತದೆ, ಸುಮಾರು 3.296. t = 0 ಹಾಕಿದರೆ ಏನೂ ಬರುವುದಿಲ್ಲ. ಹಾಗಾಗಿ ಉತ್ತರ 3.296. ಮಿತಿಗಳಿಲ್ಲದೆ ಸೂತ್ರವಷ್ಟೇ ಬೇಕಿದ್ದರೆ ಕೊನೆಯಲ್ಲಿ t ಇದ್ದಲ್ಲೆಲ್ಲ ∛x ಬರೆದು ಹಳೆಯ ಅಳತೆಗೆ ಮರಳಬೇಕು.

ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಆ 3t² ಮರೆತು dx ಜಾಗದಲ್ಲಿ dt ಬರೆಯುವುದು. ಆಗ ಉತ್ತರ ln 3, ಅಂದರೆ 1.099. ಇನ್ನೊಂದು, ಎಲ್ಲವನ್ನೂ tಗೆ ಬದಲಿಸಿ ಮಿತಿಯನ್ನು ಮಾತ್ರ ಹಳೆಯ 8ರಲ್ಲೇ ಬಿಡುವುದು. ಆಗ ಸುಮಾರು 78.6 ಬರುತ್ತದೆ. ಎರಡರಲ್ಲೂ ಮುಂದಿನ ಹೆಜ್ಜೆಗಳೆಲ್ಲ ಶುದ್ಧವಾಗಿರುವುದರಿಂದ ಬರೆದವರಿಗೆ ಅನುಮಾನವೇ ಬರುವುದಿಲ್ಲ. ಹಿಡಿಯುವ ಉಪಾಯ ಮಾತ್ರ ಬಲು ಸುಲಭ. ನಮ್ಮ ಗೆರೆ x = 0ಯಲ್ಲಿ 1ರ ಎತ್ತರದಲ್ಲಿ ಹೊರಟು, ಇಳಿಯುತ್ತಾ ಹೋಗಿ, x = 8ರಲ್ಲಿ 1/3ಕ್ಕೆ ಬರುತ್ತದೆ. ಅಗಲ 8. ಹಾಗಾದರೆ ಜಾಗ 8 × 1/3, ಅಂದರೆ 2.67ಕ್ಕಿಂತ ಹೆಚ್ಚಿರಬೇಕು, 8 × 1, ಅಂದರೆ 8ಕ್ಕಿಂತ ಕಡಿಮೆ ಇರಬೇಕು. 1.099 ಕೆಳಗೆ ಬಿತ್ತು, 78.6 ಮೇಲೆ ಹಾರಿತು, 3.296 ಮಾತ್ರ ಒಳಗೆ ನಿಂತಿತು. ಲೆಕ್ಕ ಶುರುಮಾಡುವ ಮುನ್ನವೇ ಈ ಎರಡು ಸಂಖ್ಯೆಗಳನ್ನು ಪುಟದ ಅಂಚಿನಲ್ಲಿ ಗೀಚಿಟ್ಟುಕೊಳ್ಳುವುದು ಒಳ್ಳೆಯದು.

ಒಂದೇ ಲೆಕ್ಕದಲ್ಲಿ ಎರಡು ಬಗೆಯ ಮೂಲಗಳು ಬಂದರೆ? ದ್ವಿತೀಯ ಪಿಯುಸಿಯವರು ಓದುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ 1/(√x + ∛x) ಎಂಬ ಪ್ರಶ್ನೆಯಿದೆ, ಪಕ್ಕದಲ್ಲೇ x = t⁶ ಎಂದು ಇಟ್ಟುಕೊಳ್ಳಿ ಎಂಬ ಸುಳಿವೂ ಇದೆ. 6 ಎಲ್ಲಿಂದ ಬಂತು? t = √x ಎಂದು ಹಿಡಿದರೆ ∛x ಎಂಬುದು t^(2/3) ಆಗಿ ಭಿನ್ನರಾಶಿ ಹಾಗೇ ಉಳಿಯುತ್ತದೆ. t = ∛x ಎಂದರೆ √x ತಕರಾರು ತೆಗೆಯುತ್ತದೆ. ಇಬ್ಬರಿಗೂ ಒಪ್ಪಿಗೆಯಾಗುವುದು 2 ಮತ್ತು 3ರ ಲ.ಸಾ.ಅ. ಆಗ √x = t³, ∛x = t², dx = 6t⁵ dt. ಸರಳಗೊಳಿಸಿದರೆ 6t³/(t + 1) ಉಳಿಯುತ್ತದೆ, ಮತ್ತೆ ಭಾಗಾಕಾರ, ಮತ್ತೆ ಒಂದು ಲಾಗರಿದಮ್. 6ರ ಬದಲು 12 ಹಿಡಿದರೆ ತಪ್ಪೇನಿಲ್ಲ, ಆದರೆ 12t⁷/(t² + 1) ಎಂಬ ಉದ್ದನೆಯ ಭಾಗಾಕಾರ ಮೈಮೇಲೆ ಬರುತ್ತದೆ. ಒಂದು ಎಚ್ಚರಿಕೆ: ಘನಮೂಲ ಋಣಸಂಖ್ಯೆಗೂ ಉಂಟು, −8ರ ಘನಮೂಲ −2. ವರ್ಗಮೂಲ, ಆರನೆಯ ಮೂಲಗಳಿಗೆ ಆ ಸೌಕರ್ಯವಿಲ್ಲ. x = t⁶ ಎಂದು ಬರೆದ ಗಳಿಗೆಯಲ್ಲೇ x ಋಣವಲ್ಲ, tಯೂ ಋಣವಲ್ಲ ಎಂದು ಒಪ್ಪಿಕೊಂಡಂತೆ.

ಈ ವಿಧಾನ ಕೈಕೊಡುವುದು ಎಲ್ಲಿ? xನ ಘಾತಗಳೆಲ್ಲ ಭಿನ್ನರಾಶಿಗಳಾಗಿದ್ದು, ಕೂಡು ಕಳೆ ಗುಣಿಸು ಭಾಗಿಸು ಇಷ್ಟರಿಂದಲೇ ಅವು ಸೇರಿಕೊಂಡಿದ್ದರೆ ಎಂದೂ ಕೈಕೊಡದು. ಬದಲಿಸಿದ ಮೇಲೆ ಉಳಿಯುವುದು ಬಹುಪದೋಕ್ತಿಯ ಮೇಲೊಂದು ಬಹುಪದೋಕ್ತಿ, ಅಂಥದ್ದಕ್ಕೆ ಉತ್ತರ ಇದ್ದೇ ಇದೆ. ಕೂಡಿಸಿದ ಮೇಲೆ ಇಡೀ ಮೊತ್ತದ ಮೂಲ ತೆಗೆದಿದ್ದರೆ ಮಾತು ಬೇರೆ. √(1 + ∛x) ಇದ್ದರೆ x = t³ ಎಂದಿಟ್ಟು, ಆಮೇಲೆ 1 + t = u² ಎಂದು ಇನ್ನೊಂದು ಸಲ ಬದಲಿಸಿದರೆ ಬಿಡುಗಡೆ. √(1 + x³) ನೋಡಲು ಅದರ ತಮ್ಮನಂತಿದ್ದರೂ ಅದರ ಅನುಕಲನವನ್ನು ನಮಗೆ ಗೊತ್ತಿರುವ ಸಾಮಾನ್ಯ ಸೂತ್ರಗಳಲ್ಲಿ ಬರೆಯಲು ಬರುವುದೇ ಇಲ್ಲ. ಈ ಜಾತಿಯ ಲೆಕ್ಕಗಳಲ್ಲಿ ಯಾವುದು ಬಿಡಿಸಲು ಬರುತ್ತದೆ, ಯಾವುದು ಬರುವುದಿಲ್ಲ ಎಂದು ರಷ್ಯಾದ ಗಣಿತಜ್ಞ ಚೆಬಿಷೆವ್ 1853ರಲ್ಲೇ ಖಚಿತವಾಗಿ ಗೆರೆ ಎಳೆದಿದ್ದಾನೆ.

ಇಂಥ ಲೆಕ್ಕ ಪರೀಕ್ಷೆಗಲ್ಲದೆ ಇನ್ನೆಲ್ಲಿ ಎದುರಾಗುತ್ತದೆ ಎಂದು ಕೇಳುವವರು ಮೀನನ್ನು ನೋಡಬೇಕು. ಆಸ್ಟ್ರಿಯಾದ ಜೀವವಿಜ್ಞಾನಿ ಲುಡ್ವಿಗ್ ಫಾನ್ ಬೆರ್ಟಲಾನ್ಫಿ ಪ್ರಾಣಿಗಳ ಬೆಳವಣಿಗೆಗೆ ಕೊಟ್ಟ ಸಮೀಕರಣವನ್ನು ಮೀನುಗಾರಿಕೆ ವಿಜ್ಞಾನದವರು ಇಂದಿಗೂ ಬಳಸುತ್ತಾರೆ. ದೇಹ ಗಳಿಸುವುದು ಅದರ ಮೇಲ್ಮೈಗೆ ತಕ್ಕಷ್ಟು, ಕಳೆಯುವುದು ತೂಕಕ್ಕೆ ತಕ್ಕಷ್ಟು ಎಂಬುದು ಅದರ ತಿರುಳು. ತೂಕ w ಆದರೆ ಮೇಲ್ಮೈ w^(2/3)ರಂತೆ ಬದಲಾಗುತ್ತದೆ. ನಾನು ಲೆಕ್ಕಕ್ಕೆಂದೇ ಕಟ್ಟಿದ ಒಂದು ಮೀನು ವರ್ಷಕ್ಕೆ 6w^(2/3) − 0.6w ಗ್ರಾಂ ತೂಕ ಹೆಚ್ಚಿಸಿಕೊಳ್ಳುತ್ತದೆ ಅನ್ನಿ. 125 ಗ್ರಾಂನಿಂದ 512 ಗ್ರಾಂ ಆಗಲು ಎಷ್ಟು ಕಾಲ ಬೇಕು? ಪ್ರತಿ ಚೂರು ತೂಕವನ್ನು ಆ ಹೊತ್ತಿನ ವೇಗದಿಂದ ಭಾಗಿಸಿ ಕೂಡಿಸಬೇಕು, ಅಂದರೆ 1/(6w^(2/3) − 0.6w) ಇದರ ಅನುಕಲನ. w = L³ ಎಂದಿಡಿ. L ಇಲ್ಲಿ ಬರೀ ಗಣಿತದ ಅಕ್ಷರವಲ್ಲ, ಮೀನಿನ ಉದ್ದಕ್ಕೆ ಸಮನಾಗಿ ಏರುವ ಅಳತೆ. dw = 3L² dL ಹಾಕಿದ ಕೂಡಲೇ ಮೇಲಿನ L², ಕೆಳಗಿನ L² ಹೊಡೆದುಹೋಗಿ 3/(6 − 0.6L) ಮಾತ್ರ ನಿಲ್ಲುತ್ತದೆ. L 5ರಿಂದ 8ಕ್ಕೆ ಹೋಗುತ್ತದೆ. ಉತ್ತರ 5 ln(3/1.2), ಸುಮಾರು 4.58 ವರ್ಷ.

ಇದಕ್ಕೂ ಅದೇ ಪರೀಕ್ಷೆ ಮಾಡೋಣ. 125 ಗ್ರಾಂ ಇದ್ದಾಗ ವೇಗ ವರ್ಷಕ್ಕೆ 75 ಗ್ರಾಂ, 512 ಇದ್ದಾಗ 76.8, ನಡುವೆ ಒಮ್ಮೆ 88.9ರವರೆಗೆ ಏರುತ್ತದೆ. ಹೆಚ್ಚಬೇಕಾದ್ದು 387 ಗ್ರಾಂ. ಹಾಗಾಗಿ ಕಾಲ 4.35 ವರ್ಷಕ್ಕೂ 5.16 ವರ್ಷಕ್ಕೂ ನಡುವೆ ಇರಲೇಬೇಕು, ಇದೆ. ಮೀನು 1000 ಗ್ರಾಂ ಹತ್ತಿರ ಬಂದಂತೆ ಗಳಿಕೆ ಖರ್ಚು ಸರಿಸಮವಾಗಿ ಬೆಳವಣಿಗೆ ನಿಂತೇಹೋಗುತ್ತದೆ. ಉದ್ದದ ಕಡೆಯಿಂದ ನೋಡಿದರೆ ಅದು ಮೊದಲ ದಿನದಿಂದಲೂ ನಿಧಾನವಾಗುತ್ತಲೇ ಬಂದಿದೆ. ತೂಕದ ಕಡೆಯಿಂದ ನೋಡಿದರೆ ಮಾತ್ರ ಮೊದಮೊದಲು ವೇಗ ಹೆಚ್ಚುತ್ತಾ ಹೋಗಿ, ಕೊನೆಯ ತೂಕದ 27ರಲ್ಲಿ 8 ಭಾಗ ತಲುಪಿದಾಗ, ಅಂದರೆ 296 ಗ್ರಾಂ ಸುಮಾರಿಗೆ, ತುತ್ತತುದಿ ಮುಟ್ಟಿ ಇಳಿಯುತ್ತದೆ. 8/27 ಎಂಬುದು 2/3ರ ಘನ. ಮೀನು ಆಗ ತನ್ನ ಪೂರ್ಣ ಉದ್ದದ ಮೂರನೇ ಎರಡು ಭಾಗ ಬೆಳೆದಿರುತ್ತದೆ.