ರೂಟರ್ ಸೆಟ್ಟಿಂಗ್ ಸರಿ ಇದೆ, ಆದ್ರೂ ಮನೆ ಕ್ಯಾಮೆರಾ ಯಾಕೆ ಸಿಗ್ತಿಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಇವತ್ತು ನನ್ನದೇ ಮನೆಯ ಒಂದು ಕಥೆಯಿಂದ ಶುರು ಮಾಡ್ತೀನಿ.

ನಮ್ಮಪ್ಪ ತೀರ್ಥಹಳ್ಳಿ ಕಡೆ ಮನೇಲಿ ಒಬ್ಬರೇ ಇರ್ತಾರೆ. ನಾನು ಬೆಂಗಳೂರಲ್ಲಿ. ಅಂಗಳಕ್ಕೆ, ಹಿತ್ತಲಿಗೆ ಎರಡು ಕ್ಯಾಮೆರಾ ಹಾಕಿಸಿ, ಒಂದು ಹಳೇ ಡಿವಿಆರ್‌ಗೆ ಜೋಡಿಸಿದ್ದೆ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದೆ. ಅಂದ್ರೆ, ಹೊರಗಿನಿಂದ 8000ನೇ ಪೋರ್ಟಿಗೆ ಯಾರಾದ್ರೂ ಬಂದ್ರೆ ಅವರನ್ನ 192.168.1.20 ಅನ್ನೋ ಡಿವಿಆರ್ ಹತ್ರ ಕಳಿಸು ಅಂತ ರೂಟರ್‌ಗೆ ಹೇಳಿಟ್ಟಿದ್ದೆ. ಹಳೇ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಇದ್ದಾಗ ಚೆನ್ನಾಗೇ ನಡೀತಿತ್ತು. ಆಮೇಲೆ ಫೈಬರ್ ಬಂತು. ಸ್ಪೀಡ್ ಹತ್ತು ಪಟ್ಟು ಜಾಸ್ತಿ ಆಯ್ತು, ಕ್ಯಾಮೆರಾ ಮಾತ್ರ ಕಾಣದೇ ಹೋಯ್ತು.

ಒಂದಿನ ಬೆಳಗ್ಗೆ ಅಪ್ಪ ಎರಡು ಗಂಟೆ ಫೋನ್ ತೆಗೀಲಿಲ್ಲ. ಆ್ಯಪ್ ತೆಗೆದ್ರೆ ಚಕ್ರ ತಿರುಗಿ ತಿರುಗಿ ಕೊನೆಗೆ ಟೈಮ್‌ಔಟ್. ಪಕ್ಕದ ಮನೆಯವರು ಹೋಗಿ ನೋಡಿದ್ರೆ ಅಪ್ಪ ತೋಟದಲ್ಲಿದ್ರು, ಫೋನ್ ಮನೇಲಿತ್ತು, ಅಷ್ಟೇ. ಆದ್ರೆ ಆವತ್ತು ನನಗೆ ಹೆದರಿಕೆ ಆಗಿದ್ದಂತೂ ನಿಜ. ಮುಂದಿನ ವಾರ ಊರಿಗೆ ಹೋಗಿ ಕೂತೆ. ಫಾರ್ವರ್ಡಿಂಗ್ ಅಳಿಸಿ ಮತ್ತೆ ಬರೆದೆ, ರೂಟರ್ ರೀಸೆಟ್ ಮಾಡಿದೆ, ಡಿವಿಆರ್ ಬದಲಿಸೋಣ ಅಂತಲೂ ಯೋಚಿಸಿದೆ. ತಪ್ಪು ಅಲ್ಲೆಲ್ಲೂ ಇರಲಿಲ್ಲ.

ರೂಟರ್‌ನ ಸ್ಟೇಟಸ್ ಪುಟದಲ್ಲಿ WAN IP ಅಂತ ಒಂದು ಸಾಲು ಇರತ್ತೆ. ನನ್ನದರಲ್ಲಿ 100.72.14.9 ಅಂತಿತ್ತು. ಅದೇ ವೈಫೈನಲ್ಲಿ ಫೋನಿಂದ ‘ನನ್ನ ಐಪಿ ಏನು’ ಅಂತ ತೋರಿಸೋ ಒಂದು ವೆಬ್‌ಸೈಟ್ ತೆಗೆದೆ. ಅಲ್ಲಿ ಬೇರೆಯೇ ನಂಬರ್. ಅದನ್ನ 203.0.113.45 ಅಂತ ಇಟ್ಕೊಳ್ಳೋಣ. ಇದು ಉದಾಹರಣೆ ಕೊಡೋಕಂತಲೇ ಮೀಸಲಿಟ್ಟ ವಿಳಾಸ, ನಿಜವಾದದ್ದನ್ನ ಇಲ್ಲಿ ಹೇಳಲ್ಲ. ಈ ಎರಡೂ ಒಂದೇ ಆಗಿದ್ರೆ ಜಗತ್ತಿಗೆ ಕಾಣೋ ವಿಳಾಸ ನಿಮ್ಮ ರೂಟರ್‌ದ್ದೇ. ಬೇರೆ ಬೇರೆ ಆಗಿದ್ರೆ ನಡುವೆ ಇನ್ನೊಂದು ಯಂತ್ರ ಕೂತಿದೆ ಅಂತ ಅರ್ಥ.

ಆ ಯಂತ್ರದ ಕೆಲಸಕ್ಕೆ ಸಿಜಿನ್ಯಾಟ್ ಅಂತಾರೆ. ಕಂಪನಿ ತನ್ನ ನೂರಾರು ಗಿರಾಕಿಗಳನ್ನ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸೋ ವ್ಯವಸ್ಥೆ ಅದು. ಯಾಕೆ ಹೀಗೆ? ಹಳೇ ಮಾದರಿಯ, ಅಂದ್ರೆ ಐಪಿವಿ4 ವಿಳಾಸಗಳು ಒಟ್ಟು ಇರೋದೇ ಸುಮಾರು 430 ಕೋಟಿ. ಏಷ್ಯಾದ ಪಾಲಿನದ್ದು 2011ರಲ್ಲೇ ಬಹುತೇಕ ಮುಗೀತು. 2012ರಲ್ಲಿ ಈ ಹಂಚಿಕೆಗೆ ಅಂತಲೇ 100.64ರಿಂದ 100.127ರವರೆಗಿನ ಶ್ರೇಣಿಯನ್ನ ಮೀಸಲಿಟ್ರು. ನನ್ನ 100.72 ಅದರೊಳಗೇ ಬರತ್ತೆ. ಕೆಲವು ಕಂಪನಿಗಳು, ಮುಖ್ಯವಾಗಿ ಮೊಬೈಲ್ ಜಾಲಗಳು, 10ರಿಂದ ಶುರುವಾಗೋ ವಿಳಾಸವನ್ನೂ ಕೊಡ್ತವೆ.

ಒಂದು ಪಿಜಿ ಊಹಿಸ್ಕೊಳ್ಳಿ. ನೂರು ರೂಮು, ಒಂದೇ ಗೇಟು, ಗೇಟಲ್ಲಿ ಒಬ್ಬ ವಾಚ್‌ಮನ್, ಅವನ ಕೈಲಿ ರಿಜಿಸ್ಟರ್. ನೀವು ಹೊರಗೆ ಏನಾದ್ರೂ ಆರ್ಡರ್ ಮಾಡಿದ್ರೆ ಅವನು ‘23417ನೇ ನಂಬರಿಗೆ ಬಂದದ್ದು ಈ ರೂಮಿಗೆ’ ಅಂತ ಬರ್ಕೋತಾನೆ. ಪಾರ್ಸಲ್ ಬಂದಾಗ ಸಾಲು ನೋಡಿ ಒಳಗೆ ಕಳಿಸ್ತಾನೆ. ನೀವು ಫೋನಲ್ಲಿ ವಿಡಿಯೋ ನೋಡುವಾಗ ನಡೆಯೋದು ಇದೇ. ಮಾತು ಶುರು ಮಾಡಿದವರು ನೀವು, ಆದ್ದರಿಂದ ಉತ್ತರಕ್ಕೆ ದಾರಿ ಗೊತ್ತಿರತ್ತೆ. ಸ್ವಲ್ಪ ಹೊತ್ತು ಓಡಾಟ ಇಲ್ಲದಿದ್ರೆ ಆ ಸಾಲನ್ನ ಅಳಿಸ್ತಾನೆ.

ಈಗ ಬೆಂಗಳೂರಿಂದ ನಾನು 203.0.113.45ರ 8000ನೇ ಪೋರ್ಟಿಗೆ ಹೋಗ್ತೀನಿ. ವಾಚ್‌ಮನ್ ರಿಜಿಸ್ಟರ್ ನೋಡ್ತಾನೆ. 8000ಕ್ಕೆ ಯಾರೂ ಏನೂ ಬರೆಸಿಲ್ಲ. ಅಲ್ಲೇ ಬಿಟ್ಟುಬಿಡ್ತಾನೆ. ನಾನು ರೂಟರ್‌ನಲ್ಲಿ ಬರೆದ ನಿಯಮ, ನನ್ನ ರೂಮಿನ ಬಾಗಿಲಿಗೆ ಅಂಟಿಸಿದ ಚೀಟಿ ಇದ್ದ ಹಾಗೆ. ಗೇಟಲ್ಲಿರೋನಿಗೆ ಅದು ಕಾಣೋದೇ ಇಲ್ಲ. ಅದಕ್ಕೇ ರೂಟರ್ ಲಾಗ್‌ನಲ್ಲಿ ನನ್ನ ಪ್ರಯತ್ನದ ಗುರುತು ಕೂಡ ಇರಲಿಲ್ಲ. ಡೈನಮಿಕ್ ಡಿಎನ್‌ಎಸ್ ಹಾಕಿದ್ರೂ ಉಪಯೋಗ ಇಲ್ಲ, ಆ ಹೆಸರು ಕರ್ಕೊಂಡು ಹೋಗೋದು ಅದೇ ಗೇಟಿಗೆ.

ಹಾಗಾದ್ರೆ ಕಂಪನಿಯವರೇ ಒಂದು ನಿಯಮ ಬರೀಬಹುದಲ್ಲ? ಒಂದು ವಿಳಾಸಕ್ಕೆ ಇರೋದು 65,536 ಪೋರ್ಟ್. ಅದನ್ನೇ ಎಲ್ಲ ಗಿರಾಕಿಗಳಿಗೂ ಹಂಚಬೇಕು. 8000 ಅನ್ನೋದು ಒಂದೇ ಇದೆ, ನನಗೆ ಕೊಟ್ರೆ ಪಕ್ಕದ ಮನೆಯವರಿಗಿಲ್ಲ. ಒಬ್ಬೊಬ್ಬರಿಗೂ ಹೀಗೆ ನಿಯಮ ಬರೆದು ಸಂಭಾಳಿಸೋ ಗೋಜಿಗೆ ಅವರು ಸಾಮಾನ್ಯವಾಗಿ ಹೋಗಲ್ಲ.

ಇಲ್ಲೊಂದು ಎಚ್ಚರಿಕೆ. WAN IP ಜಾಗದಲ್ಲಿ 192.168ರಿಂದ ಶುರುವಾಗೋ ನಂಬರ್ ಕಂಡ್ರೆ ತಕ್ಷಣ ಕಂಪನಿಯನ್ನ ಬೈಬೇಡಿ. ಬಹಳ ಸಲ ಅದು ನಿಮ್ಮ ಮನೆಯದ್ದೇ ಫೈಬರ್ ಪೆಟ್ಟಿಗೆ, ಅದೂ ರೂಟರ್ ಥರ ಕೆಲಸ ಮಾಡ್ತಿರತ್ತೆ. ಅದನ್ನ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಮತ್ತೆ ಎರಡು ನಂಬರನ್ನೂ ಹೋಲಿಸಿ ನೋಡಿ.

ಸರಿ, ದಾರಿ ಏನು? ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ‘ನನ್ನ ಕನೆಕ್ಷನ್ ಸಿಜಿನ್ಯಾಟ್ ಹಿಂದೆ ಇದೆ, ಪಬ್ಲಿಕ್ ಸ್ಟ್ಯಾಟಿಕ್ ಐಪಿ ಕೊಡ್ತೀರಾ’ ಅಂತ ನೇರವಾಗಿ ಕೇಳಿ. ‘ಪೋರ್ಟ್ ಓಪನ್ ಮಾಡಿ’ ಅಂದ್ರೆ ರೂಟರ್ ರೀಸ್ಟಾರ್ಟ್ ಮಾಡಿ ಅಂತಾರೆ. ಬ್ರಾಡ್‌ಬ್ಯಾಂಡ್‌ನಲ್ಲಿ ಹೆಚ್ಚುವರಿ ದುಡ್ಡಿಗೆ ಕೆಲವರು ಕೊಡ್ತಾರೆ. ಮಾಮೂಲಿ ಮೊಬೈಲ್ ಸಿಮ್‌ನಲ್ಲಿ ಆ ಆಸೆ ಬೇಡ.

ಐಪಿವಿ6 ಇದ್ದರೆ ವಿಳಾಸ ಹಂಚ್ಕೊಳ್ಳೋ ಪ್ರಮೇಯವೇ ಇಲ್ಲ, ರೂಟರ್‌ನ ಫೈರ್‌ವಾಲ್‌ನಲ್ಲಿ ಆ ಸಾಧನಕ್ಕೆ ಅನುಮತಿ ಕೊಟ್ರೆ ಸಾಕು. ಆದ್ರೆ ಎರಡೂ ಕಡೆ ಐಪಿವಿ6 ಇರಬೇಕು, ಸಾಧನಕ್ಕೂ ಅದು ಗೊತ್ತಿರಬೇಕು. ನನ್ನ ಹಳೇ ಡಿವಿಆರ್‌ಗೆ ಗೊತ್ತಿರಲಿಲ್ಲ.

ನಾನು ಮಾಡಿದ್ದು ಮೂರನೇ ದಾರಿ. ಹೊರಗಿಂದ ಒಳಗೆ ಬರೋಕಾಗಲ್ಲ, ಸರಿ, ಆದ್ರೆ ಒಳಗಿಂದ ಹೊರಗೆ ಹೋಗಬಹುದಲ್ಲ? ಮನೇಲಿ ಒಂದು ರಾಸ್ಪ್‌ಬೆರಿ ಪೈ ಇಟ್ಟು, ಅದರಲ್ಲೂ ನನ್ನ ಫೋನಲ್ಲೂ ಟೇಲ್‌ಸ್ಕೇಲ್ ಹಾಕಿದೆ. ಪೈನಲ್ಲಿ ಐಪಿ ಫಾರ್ವರ್ಡಿಂಗ್ ಆನ್ ಮಾಡಿ ಕೊಟ್ಟ ಕಮಾಂಡ್ ಇದು:

```
sudo tailscale up --advertise-routes=192.168.1.0/24
```

ಆಮೇಲೆ ಟೇಲ್‌ಸ್ಕೇಲ್‌ನ ಅಡ್ಮಿನ್ ಪುಟದಲ್ಲಿ ಆ ರೂಟ್‌ಗೆ ಒಪ್ಪಿಗೆ ಕೊಡಬೇಕು. ಈಗ ಪೈ, ಫೋನ್ ಎರಡೂ ತಾವೇ ಹೊರಗೆ ಹೋಗಿ ಒಬ್ಬರನ್ನೊಬ್ಬರು ಹುಡುಕ್ತವೆ, ವಾಚ್‌ಮನ್ ರಿಜಿಸ್ಟರ್‌ನಲ್ಲಿ ಸಾಲು ತಾನಾಗೇ ಬೀಳತ್ತೆ. ನೇರ ದಾರಿ ಸಿಗದಿದ್ರೆ ನಡುವಿನ ರಿಲೇ ಸರ್ವರ್ ಮೂಲಕ ಹೋಗತ್ತೆ, ಆಗ ವಿಡಿಯೋ ಸ್ವಲ್ಪ ತಡವರಿಸತ್ತೆ. ಪೈಗೆ ಕರೆಂಟ್ ಹೋದ್ರೆ ಎಲ್ಲವೂ ಬಂದ್, ಹಾಗಾಗಿ ಅದನ್ನ ರೂಟರ್ ಇರೋ ಯುಪಿಎಸ್‌ಗೇ ಜೋಡಿಸಿದ್ದೀನಿ.

ಇನ್ನೊಂದು ಮಾತು. ಡಿವಿಆರ್‌ನ ಪೋರ್ಟನ್ನ ನೇರವಾಗಿ ತೆರೆದಿಡೋದು ಮೊದಲೇ ಒಳ್ಳೇ ಅಭ್ಯಾಸ ಆಗಿರಲಿಲ್ಲ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಪಾಸ್‌ವರ್ಡ್ ಬದಲಿಸದ ಇಂಥದ್ದೇ ಕ್ಯಾಮೆರಾ, ಡಿವಿಆರ್‌ಗಳನ್ನ ಹಿಡಿದು ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಮಲಗಿಸಿತ್ತು. ಈಗ ನನ್ನ ಡಿವಿಆರ್ ನನ್ನ ಫೋನಿಗೆ ಮಾತ್ರ ಕಾಣತ್ತೆ.

‘ಇಷ್ಟೆಲ್ಲ ಯಾಕಾ ಮಾರಾಯ, ಪಕ್ಕದ ಮನೆಗೆ ಒಂದು ಫೋನ್ ಮಾಡಿದ್ರಾಗಿತ್ತಲ್ಲ’ ಅಂತಾರೆ ಅಪ್ಪ. ಅದೂ ಮಾಡ್ತೀನಿ. ನೀವು ಇವತ್ತು ಆ ಎರಡು ನಂಬರ್ ಹೋಲಿಸಿ ನೋಡಿ, ಏನು ಕಂಡಿತು ಅಂತ ನಮಗೆ ಬರೀರಿ. ಮುಂದಿನ ವಾರ ಸಿಗೋಣ.