ಮಗು ಗುಂಡಿ ಒತ್ತಿತು, ಹಣ ಹೋಯಿತು: ಪತ್ರ ಯಾರಿಗೆ?

ಮಗ ಗೇಮ್ ಕನ್ಸೋಲ್‌ನಲ್ಲಿ ಆಟದ ನಾಣ್ಯಗಳನ್ನು ಕೊಂಡಿದ್ದಾನೆ. ಹಣ ಕಟ್ಟಿದ್ದು ಅಮ್ಮನ ಕ್ರೆಡಿಟ್ ಕಾರ್ಡ್. ಸಿಟ್ಟಿನಲ್ಲಿ ಅಮ್ಮ ಆಟದ ಪ್ರಕಾಶಕರಿಗೆ ಪತ್ರ ಬರೆದರೆ, 'ಕನ್ಸೋಲ್‌ನ ಅಂಗಡಿಯನ್ನು ಕೇಳಿ' ಎಂಬ ಉತ್ತರ ಬರಬಹುದು. ಇದು ಜಾರಿಕೊಳ್ಳುವ ಮಾತೆಂದು ಅನಿಸುತ್ತದೆ, ಆದರೆ ಅಲ್ಲ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳ ಅಂಗಡಿಯಲ್ಲಿ ಕೊಂಡಾಗ ಹಣ ಪಡೆಯುವುದು ಆ ಅಂಗಡಿಯೇ. ಆದ್ದರಿಂದ ಕಾರ್ಡಿನ ಲೆಕ್ಕಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರಿಗೇ ಮೊದಲ ಪತ್ರ.

ಪತ್ರದಲ್ಲಿ ಅಳಲಿಗಿಂತ ವಿವರ ಮುಖ್ಯ. 'ಇದು ನನ್ನ ಹತ್ತು ವರ್ಷದ ಮಗನ ಖಾತೆ, ಕಾರ್ಡ್ ನನ್ನದು. ಈ ಮೂರು ಖರೀದಿಗಳಿಗೆ ನನ್ನ ಒಪ್ಪಿಗೆ ಇರಲಿಲ್ಲ. ನಾಣ್ಯಗಳನ್ನು ಇನ್ನೂ ಬಳಸಿಲ್ಲ' ಎಂದು ಬರೆದು, ಪ್ರತಿ ಖರೀದಿಯ ಆರ್ಡರ್ ಸಂಖ್ಯೆ, ದಿನಾಂಕ, ಮೊತ್ತ ಕೊಟ್ಟರೆ ಸಾಕು. ನಾಣ್ಯ ಖರ್ಚಾಗಿದ್ದರೆ ಮರುಪಾವತಿ ಕಷ್ಟ. ಆದ್ದರಿಂದ ಉತ್ತರ ಬರುವವರೆಗೆ ಆಟ ನಿಲ್ಲಿಸುವುದೇ ಮೇಲು.

ನೇರ ಬ್ಯಾಂಕಿಗೆ ದೂರು ಕೊಟ್ಟರೆ? ಅಮೆರಿಕದಲ್ಲಿ 'ಫೋರ್ಟ್‌ನೈಟ್' ಆಟದ ಎಪಿಕ್ ಗೇಮ್ಸ್ ಕಂಪನಿ, ಹೀಗೆ ದೂರಿದವರ ಖಾತೆಗಳನ್ನೇ ಬಂದ್ ಮಾಡುತ್ತಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಹಿಂದೆ ಕೊಂಡಿದ್ದೆಲ್ಲ ಆ ಖಾತೆಯೊಳಗೇ ಸಿಕ್ಕಿಬೀಳುತ್ತಿತ್ತು! ಪೋಷಕರ ಒಪ್ಪಿಗೆ ಕೇಳದೆ ಮಕ್ಕಳಿಂದ ಖರೀದಿ ಮಾಡಿಸಿದ ಆರೋಪವೂ ಇತ್ತು. 2022ರ ಡಿಸೆಂಬರ್‌ನಲ್ಲಿ ಗ್ರಾಹಕರ ಮರುಪಾವತಿಗಾಗಿ 24.5 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ದೂರಿದವರ ಖಾತೆ ಮುಚ್ಚುವುದಕ್ಕೂ ಆಯೋಗದ ಆದೇಶ ತಡೆ ಹಾಕಿತು. ಬೇರೆ ಕಂಪನಿಗಳಿಗೆ ಆ ಆದೇಶ ಅನ್ವಯಿಸುವುದಿಲ್ಲ. ಹಾಗಾಗಿ ಬ್ಯಾಂಕ್ ಕೊನೆಯ ದಾರಿಯಾಗಿರಲಿ, ಆದರೆ ಅದರ ಗಡುವು ಮೀರದಿರಲಿ.